ಫ್ಲಾಟ್ ವೆಕ್ಟರ್ ಶೈಲಿಯ ಲೋಗೊ, ಐಕಾನ್‌ಗಳಿಗೆ ಪ್ರಾಂಪ್ಟ್ ಮತ್ತು ನಿಖರ ಆಕಾರದ ತೊಡಕು

ನೆರಳು, ಹೊಳಪು, ಒಂದರೊಳಗೊಂದು ಕರಗುವ ಬಣ್ಣ ಯಾವುದೂ ಇಲ್ಲದೆ, ಒಂದೆರಡು ಗಟ್ಟಿ ಬಣ್ಣಗಳಲ್ಲಿ, ಚೊಕ್ಕ ಅಂಚಿನ ಆಕಾರಗಳಿಂದ ಕಟ್ಟಿದ ಚಿತ್ರಕ್ಕೆ ಫ್ಲಾಟ್ ಶೈಲಿಯ ಚಿತ್ರ ಎನ್ನುತ್ತಾರೆ. ಮೊಬೈಲ್ ಪರದೆಯ ಐಕಾನ್‌ಗಳು, ರಸ್ತೆ ಬದಿಯ ಸೂಚನಾ ಫಲಕಗಳು, ಬಹುಪಾಲು ಕಂಪನಿಗಳ ಇಂದಿನ ಲೋಗೊಗಳು ಈ ಜಾತಿಯವು. ಬರೆದುಕೊಟ್ಟ ಮಾತಿನಿಂದ ಚಿತ್ರ ಮಾಡಿಕೊಡುವ ಎಐ ಮಾಡೆಲ್‌ಗಳು 2022ರಲ್ಲಿ ಸಾರ್ವಜನಿಕರ ಕೈಗೆ ಬಂದಾಗ ಇಂಥ ಚಿತ್ರಗಳೇ ಅವಕ್ಕೆ ಅತಿ ಸುಲಭವಾದಾವು ಎಂದು ಹಲವರು ಎಣಿಸಿದ್ದರು. ಆದದ್ದು ಬೇರೆ. ಮಳೆಯಲ್ಲಿ ತೊಯ್ದ ಬೀದಿಯನ್ನೋ ಮುದುಕನ ಮುಖದ ಸುಕ್ಕನ್ನೋ ನಂಬುವಂತೆ ಬಿಡಿಸುವ ಮಾಡೆಲ್, ಎಂಟು ಸಮಾನ ಹಲ್ಲುಗಳ ಒಂದು ಚಕ್ರ ಕೇಳಿದರೆ ತಡವರಿಸುತ್ತದೆ. ಈ ತಡವರಿಕೆಗೆ ಕಾರಣ ಮಾಡೆಲ್‌ಗಳ ರಚನೆಯಲ್ಲೇ ಇದೆ. ಪ್ರಾಂಪ್ಟ್ ಎಷ್ಟು ಜಾಣತನದಿಂದ ಬರೆದರೂ ಈ ತೊಡಕಿನ ಒಂದು ಭಾಗವನ್ನು ಮಾತ್ರ ನಿವಾರಿಸಬಹುದು.

ಶೈಲಿಯ ಹಿನ್ನೆಲೆ

ಫ್ಲಾಟ್ ಚಿತ್ರ ಕಂಪ್ಯೂಟರ್‌ಗಿಂತ ಹಳೆಯದು. ವಿಯೆನ್ನಾದಲ್ಲಿ 1920ರ ದಶಕದಲ್ಲಿ ಒಟ್ಟೊ ನೊಯ್ರಾತ್ ಅಂಕಿಅಂಶಗಳನ್ನು ಜನಸಾಮಾನ್ಯರಿಗೆ ತೋರಿಸಲು ರೂಪಿಸಿದ ಚಿತ್ರಸಂಕೇತಗಳು, ಅವುಗಳನ್ನು ಕೆತ್ತಿದ ಗೆರ್ಡ್ ಆರ್ನ್‌ಟ್ಸ್‌ನ ಕಪ್ಪು ಆಕೃತಿಗಳು ಇದರ ಮೂಲ ಮಾದರಿಗಳಲ್ಲಿ ಸೇರುತ್ತವೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಓಟ್ಲ್ ಐಶರ್ ತಂಡ ಮಾಡಿದ ಕ್ರೀಡಾ ಸಂಕೇತಗಳಲ್ಲಿ ಓಟಗಾರನ ತೊಡೆಯಿಂದ ಈಜುಗಾರನ ತೋಳಿನವರೆಗೆ ಎಲ್ಲವೂ ಒಂದೇ ಚೌಕಜಾಲದ ಮೇಲೆ ನೇರ, ಅಡ್ಡ ಮತ್ತು 45 ಡಿಗ್ರಿ ಗೆರೆಗಳಲ್ಲಿ ನಿಂತಿವೆ. ಪರದೆಯ ಮೇಲೆ ಈ ಶೈಲಿ ಮೇಲುಗೈ ಪಡೆದದ್ದು 2010ರ ವಿಂಡೋಸ್ ಫೋನ್ 7 ಮತ್ತು 2013ರ ಐಒಎಸ್ 7 ಬಂದ ಮೇಲೆ. ಅದಕ್ಕೆ ಮುಂಚಿನ ಐಕಾನ್‌ಗಳಲ್ಲಿ ಗಾಜಿನ ಹೊಳಪು, ಚರ್ಮದ ಹೊಲಿಗೆ, ಮರದ ಗೆರೆ ಎಲ್ಲ ಇರುತ್ತಿದ್ದವು. ಮಾಡೆಲ್‌ಗಳ ತರಬೇತಿಗೆ ಅಂತರ್ಜಾಲದಿಂದ ಬಾಚಿ ತಂದ ಚಿತ್ರಗಳಲ್ಲಿ ಆ ಕಾಲದ್ದೂ ಈ ಕಾಲದ್ದೂ ಬೆರೆತಿರುವುದರಿಂದ, `icon` ಎಂದು ಮಾತ್ರ ಬರೆದರೆ ಹಳೆಯ ಹೊಳಪು ಮರುಕಳಿಸುವುದುಂಟು.

ವೆಕ್ಟರ್ ಎಂದರೆ ಫೈಲಿನ ಗುಣ

ವೆಕ್ಟರ್ ಚಿತ್ರದಲ್ಲಿ ಬಣ್ಣದ ಚುಕ್ಕೆಗಳಿರುವುದಿಲ್ಲ, ಆಕಾರದ ಆದೇಶಗಳಿರುತ್ತವೆ: ಕೇಂದ್ರ ಇಲ್ಲಿದೆ, ತ್ರಿಜ್ಯ ಇಷ್ಟು, ಒಳಗೆ ಈ ಬಣ್ಣ ತುಂಬು. ಮುದ್ರಣಕ್ಕೆ 1984ರಲ್ಲಿ ಬಂದ ಪೋಸ್ಟ್‌ಸ್ಕ್ರಿಪ್ಟ್, ವೆಬ್‌ಗೆ 2001ರಲ್ಲಿ ಮಾನಕವಾದ ಎಸ್‌ವಿಜಿ ಎರಡೂ ಈ ತತ್ತ್ವದವು. ಆದೇಶವನ್ನು ಎಷ್ಟು ದೊಡ್ಡದಾಗಿ ಬೇಕಾದರೂ ಬಿಡಿಸಬಹುದಾದ್ದರಿಂದ ವಿಸಿಟಿಂಗ್ ಕಾರ್ಡಿನ ಲೋಗೊ ಅದೇ ಫೈಲಿನಿಂದ ಮೂವತ್ತಡಿ ಫ್ಲೆಕ್ಸಿಗೂ ಹೋಗುತ್ತದೆ. ನಮ್ಮ ಊರುಗಳ ರೇಡಿಯಂ ಕಟಿಂಗ್ ಅಂಗಡಿಯವರು ಫೋಟೊ ಬೇಡ, ಸಿಡಿಆರ್ ಫೈಲ್ ತನ್ನಿ ಎನ್ನುವುದು ಇದಕ್ಕೇ. ಸ್ಟಿಕ್ಕರ್ ಕತ್ತರಿಸುವ ಯಂತ್ರದ ಚಾಕು ಚಲಿಸಬೇಕಾದರೆ ಅದಕ್ಕೆ ದಾರಿ ಬೇಕು, ಬಣ್ಣದ ಚುಕ್ಕೆಗಳು ದಾರಿ ತೋರಿಸುವುದಿಲ್ಲ.

ಸ್ಟೇಬಲ್ ಡಿಫ್ಯೂಷನ್, ಮಿಡ್‌ಜರ್ನಿಯಂಥ ಮಾಡೆಲ್‌ಗಳು ಕೊಡುವುದು ಪಿಕ್ಸೆಲ್ ಚಿತ್ರವನ್ನು ಮಾತ್ರ. ಅವಕ್ಕೆ ಕೊಡುವ ಪ್ರಾಂಪ್ಟಿನಲ್ಲಿ `vector` ಎಂಬ ಪದ ಕೆಲಸ ಮಾಡುತ್ತದೆ ನಿಜ, ಆದರೆ ವೇಷದ ಮಟ್ಟದಲ್ಲಿ. ವೆಕ್ಟರ್ ಎಂಬ ಶೀರ್ಷಿಕೆಯಡಿ ಮಾರಾಟಕ್ಕಿಟ್ಟ ಚಿತ್ರಗಳು ಹೇಗೆ ಕಾಣುತ್ತವೋ ಹಾಗೆ ಕಾಣುವ ಚಿತ್ರವನ್ನು ಅದು ಎಳೆದು ತರುತ್ತದೆ. ಫೈಲಿನೊಳಗೆ ಒಂದು ವೃತ್ತವೂ ಇರುವುದಿಲ್ಲ, ವೃತ್ತದಂತೆ ಬಣ್ಣ ತಳೆದ ಕೆಲವು ಲಕ್ಷ ಚುಕ್ಕೆಗಳಿರುತ್ತವೆ. ಇದನ್ನು ಮರೆತವರೇ `svg file` ಎಂದೂ ಪ್ರಾಂಪ್ಟಿಗೆ ಸೇರಿಸುತ್ತಾರೆ. ಆಗ ಬರುವುದು ಅದೇ ಪಿಎನ್‌ಜಿ, ಕೆಲವೊಮ್ಮೆ ಮೂಲೆಯಲ್ಲಿ ‘SVG’ ಎಂಬ ಅಕ್ಷರಗಳ ಸಮೇತ.

ಆಕಾರ ಏಕೆ ತಪ್ಪುತ್ತದೆ

ಈ ಮಾಡೆಲ್‌ಗಳಲ್ಲಿ ಹೆಚ್ಚಿನವು ಡಿಫ್ಯೂಷನ್ ಎಂಬ ವಿಧಾನದವು. ತರಬೇತಿಯಲ್ಲಿ ಒಂದು ಚಿತ್ರಕ್ಕೆ ಅಡ್ಡಾದಿಡ್ಡಿ ಚುಕ್ಕೆಗಳ ಗದ್ದಲವನ್ನು ಬೆರೆಸಿ, ಬೆರೆಸಿದ ಗದ್ದಲ ಎಷ್ಟೆಂದು ಊಹಿಸುವಂತೆ ಮಾಡೆಲ್‌ಗೆ ಹೇಳುತ್ತಾರೆ. ಊಹೆಗೂ ನಿಜಕ್ಕೂ ಇರುವ ಅಂತರವನ್ನು ಪಿಕ್ಸೆಲ್‌ಗಳ ಮೇಲೆ ಸರಾಸರಿ ಹಾಕಿ ಅದನ್ನು ಕಡಿಮೆ ಮಾಡುತ್ತ ಹೋಗುವುದೇ ಕಲಿಕೆ. ಚಿತ್ರ ಮಾಡುವಾಗ ಬರೀ ಗದ್ದಲದಿಂದ ಹೊರಟು ಹಂತಹಂತವಾಗಿ ಅದನ್ನು ಕಳೆಯುತ್ತಾರೆ. ಈ ಲೆಕ್ಕದಲ್ಲಿ ಎಲ್ಲೂ ‘ಹಲ್ಲುಗಳು ಎಂಟೇ ಇರಬೇಕು’, ‘ಎಡ ಬಲ ಒಂದೇ ಆಗಿರಬೇಕು’ ಎಂಬ ಷರತ್ತು ಬರುವುದಿಲ್ಲ. ಪಿಕ್ಸೆಲ್ ಸರಾಸರಿಯ ಕಣ್ಣಿಗೆ ಎಂಟು ಹಲ್ಲಿನ ಚಕ್ರಕ್ಕೂ ಒಂಬತ್ತು ಹಲ್ಲಿನ ಚಕ್ರಕ್ಕೂ ಇರುವ ವ್ಯತ್ಯಾಸ ಅಲ್ಪ. ಮನುಷ್ಯನ ಕಣ್ಣಿಗೆ ಒಂದು ಸರಿ, ಇನ್ನೊಂದು ತಪ್ಪು.

ಮೊದಲ ಕೆಲವೇ ಹಂತಗಳಲ್ಲಿ ಚಿತ್ರದ ಒಟ್ಟು ವಿನ್ಯಾಸ ಗಟ್ಟಿಯಾಗುತ್ತದೆ, ಉಳಿದ ಹಂತಗಳು ಅದರ ಅಂಚು ತಿದ್ದುತ್ತವೆ. ಹಲ್ಲುಗಳ ಸಂಖ್ಯೆ ಹೀಗೆ ಆರಂಭದ ಗದ್ದಲದಲ್ಲೇ ಬಹುಮಟ್ಟಿಗೆ ನಿಶ್ಚಯವಾಗಿಬಿಡುತ್ತದೆ. ಸುತ್ತಲೂ ಹಲ್ಲುಗಳು ಮೂಡಿ ಕೊನೆಗೆ ಉಳಿದ ಜಾಗ ಒಂದೂವರೆ ಹಲ್ಲಿನಷ್ಟಿದ್ದರೆ, ಅಲ್ಲೊಂದು ಅಗಲದ ಹಲ್ಲೋ ಒತ್ತಿಕೊಂಡ ಎರಡು ಸಣ್ಣ ಹಲ್ಲೋ ಬರುತ್ತದೆ. ದಾರ ಹಿಡಿಯದೆ ಕಣ್ಣಳತೆಯಲ್ಲೇ ಗೋಡೆ ಎಬ್ಬಿಸುವ ಮೇಸ್ತ್ರಿಯ ಕೆಲಸ ಹೇಗಿರುತ್ತದೋ ಹಾಗೆ. ಕಣ್ಣಳತೆ ಚೆನ್ನಾಗಿದ್ದರೆ ದೂರಕ್ಕೆ ಗೋಡೆ ನೆಟ್ಟಗೆ ಕಾಣುತ್ತದೆ, ಗುಂಡು ಇಳಿಬಿಟ್ಟರೆ ಓರೆ ಗೊತ್ತಾಗುತ್ತದೆ.

ಎರಡನೆಯ ಕಾರಣ ಸಂಕ್ಷೇಪಣೆ. ಸ್ಟೇಬಲ್ ಡಿಫ್ಯೂಷನ್‌ನ ಮೊದಲ ಆವೃತ್ತಿಗಳು 512×512 ಪಿಕ್ಸೆಲ್ ಚಿತ್ರವನ್ನು ನೇರವಾಗಿ ಮುಟ್ಟುವುದಿಲ್ಲ. ಖರ್ಚು ಉಳಿಸಲು ಅದನ್ನು 64×64 ಖಾನೆಗಳ ಒಂದು ಒಳಚಿತ್ರಕ್ಕೆ ಇಳಿಸಿ ಅಲ್ಲಿ ಕೆಲಸ ಮಾಡುತ್ತವೆ. ಒಂದೊಂದು ಖಾನೆಗೆ ನಾಲ್ಕೇ ಸಂಖ್ಯೆಗಳು. ಅಂದರೆ 8×8 ಪಿಕ್ಸೆಲ್‌ಗಳ ಒಂದು ತುಣುಕಿನ 192 ಬಣ್ಣಮೌಲ್ಯಗಳು ನಾಲ್ಕು ಸಂಖ್ಯೆಗಳಲ್ಲಿ ಅಡಗಬೇಕು. ಕೂದಲು, ಹುಲ್ಲು, ಮೋಡಗಳಿಗೆ ಇದು ಸಾಕು, ಏಕೆಂದರೆ ಬಿಚ್ಚುವಾಗ ಊಹಿಸಿ ತುಂಬಿದ ಹುಲ್ಲೂ ಹುಲ್ಲೇ. ಆದರೆ ಒಂದು ನೇರ ಅಂಚು ಪಿಕ್ಸೆಲಿನ ಎಷ್ಟನೆಯ ಭಾಗದಲ್ಲಿ ಹಾದುಹೋಗುತ್ತದೆ ಎಂಬುದನ್ನು ಊಹಿಸಿ ತುಂಬಿದರೆ ಅಂಚು ಅಲುಗುತ್ತದೆ. 24 ಪಿಕ್ಸೆಲ್ ಅಗಲದ ಹಲ್ಲು ಒಳಚಿತ್ರದಲ್ಲಿ ಮೂರೇ ಖಾನೆ. 2024ರಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್ 3, ಫ್ಲಕ್ಸ್ ಮಾಡೆಲ್‌ಗಳು ಖಾನೆಗೆ ಹದಿನಾರು ಸಂಖ್ಯೆ ಕೊಟ್ಟು ಈ ಇಕ್ಕಟ್ಟನ್ನು ಸಡಿಲಿಸಿವೆ. ಅಂಚುಗಳು ಎದ್ದು ಕಾಣುವಷ್ಟು ಚೊಕ್ಕವಾದವು, ಎಣಿಕೆಯ ಖಾತ್ರಿ ಮಾತ್ರ ಇನ್ನೂ ಇಲ್ಲ.

ಫ್ಲಾಟ್ ಚಿತ್ರಕ್ಕೇ ವಿಶೇಷವಾಗಿ ತಟ್ಟುವ ಇನ್ನೊಂದು ದೋಷ ಬಿಳಿ ಹಿನ್ನೆಲೆಯದು. ಹಳೆಯ ಸ್ಟೇಬಲ್ ಡಿಫ್ಯೂಷನ್ ಮಾಡೆಲ್‌ಗೆ ಅಚ್ಚ ಬಿಳಿ ಅಥವಾ ಅಚ್ಚ ಕಪ್ಪು ಹಿನ್ನೆಲೆ ಕೇಳಿದರೆ ಮಬ್ಬು ಬೂದು ಬೆರೆತು ಬರುತ್ತಿತ್ತು, ಇಲ್ಲವೇ ಮೂಲೆಗಳಲ್ಲಿ ನೆರಳು ಸೇರಿಕೊಳ್ಳುತ್ತಿತ್ತು. ಕಾರಣ ಗದ್ದಲ ಬೆರೆಸುವ ಪ್ರಮಾಣದಲ್ಲಿತ್ತು. ತರಬೇತಿಯ ಕೊನೆಯ ಹಂತದಲ್ಲೂ ಮೂಲಚಿತ್ರದ ಒಂದು ಸಣ್ಣ ಎಳೆ, ಮುಖ್ಯವಾಗಿ ಅದರ ಸರಾಸರಿ ಬೆಳಕು, ಅಳಿಯದೆ ಉಳಿಯುತ್ತಿತ್ತು. ಮಾಡೆಲ್ ಅದನ್ನು ನೆಚ್ಚುವುದನ್ನು ಕಲಿಯಿತು. ಚಿತ್ರ ಸೃಷ್ಟಿಸುವಾಗ ಹೊರಡುವುದು ಅಪ್ಪಟ ಗದ್ದಲದಿಂದ, ಅದರ ಸರಾಸರಿ ನಡುವಣ ಬೂದು. ಹಾಗಾಗಿ ಚಿತ್ರವೂ ಒಟ್ಟಾರೆ ನಡುಬೆಳಕಿನತ್ತ ವಾಲುತ್ತಿತ್ತು. 2023ರಲ್ಲಿ ಈ ದೋಷವನ್ನು ವಿವರಿಸಿ ಪರಿಹಾರಗಳು ಪ್ರಕಟವಾದವು, ಈಚಿನ ಮಾಡೆಲ್‌ಗಳಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಆದರೂ ಬಿಳಿಯಂತೆ ಕಾಣುವ ಹಿನ್ನೆಲೆಯನ್ನು ಅಳೆದು ನೋಡಿದರೆ 255ರ ಬದಲು 251, 253ರಂಥ ಮೌಲ್ಯಗಳು ಚದುರಿರುವುದು ಇಂದಿಗೂ ಸಾಮಾನ್ಯ.

ಕೊನೆಯದು ಭಾಷೆಯ ಕಡೆಯ ತೊಡಕು. ಪ್ರಾಂಪ್ಟನ್ನು ಓದಿ ಸಂಖ್ಯೆಗಳಾಗಿಸಲು ಹಳೆಯ ಮಾಡೆಲ್‌ಗಳು ಬಳಸುವ ಕ್ಲಿಪ್ ಎಂಬ ಅಂಗ 2021ರದು. ಚಿತ್ರಕ್ಕೂ ಅದರ ಅಡಿಬರಹಕ್ಕೂ ಹೊಂದಿಕೆ ನೋಡಲು ಅದನ್ನು ತರಬೇತಿಗೊಳಿಸಿದ್ದರು. ಹೀಗೆ ಕಲಿತದ್ದಕ್ಕೆ ವಸ್ತುಗಳ ಹೆಸರು ಚೆನ್ನಾಗಿ ಗೊತ್ತು. ಎಷ್ಟು, ಯಾವುದರ ಎಡಕ್ಕೆ ಯಾವುದು, ಯಾವುದು ಬೇಡ ಎಂಬುದು ಅಷ್ಟಕ್ಕಷ್ಟೆ. ಗಿಯರಿನ ಚಿತ್ರ ಹಾಕಿದವರು ಅಡಿಯಲ್ಲಿ ಹಲ್ಲೆಣಿಸಿ ಬರೆಯುವುದಿಲ್ಲವಲ್ಲ, ಮಾಡೆಲ್ ಅದನ್ನು ಕಲಿಯುವುದಾದರೂ ಎಲ್ಲಿಂದ.

ಪ್ರಾಂಪ್ಟಿನಿಂದ ಆಗುವುದು, ಆಗದಿರುವುದು

ಪ್ರಾಂಪ್ಟ್ ಶೈಲಿಯನ್ನು ಬಗ್ಗಿಸಬಲ್ಲದು. ಅದರಲ್ಲಿ ಮೊದಲ ಪಾಠ `logo` ಪದವನ್ನು ಜೋಪಾನವಾಗಿ ಬಳಸುವುದು. ಅಂತರ್ಜಾಲದಲ್ಲಿ ಲೋಗೊಗಳು ಒಂಟಿಯಾಗಿ ಕಾಣುವುದು ಕಡಿಮೆ. ಕಂಪನಿಯ ಹೆಸರಿನ ಜೊತೆ, ಕಾಗದದ ಮೇಲೆ ಉಬ್ಬಿಸಿದಂತೆ, ಗೋಡೆಗೆ ತೂಗುಹಾಕಿದಂತೆ, ಕಾಫಿ ಲೋಟದ ಮೇಲೆ ಅಚ್ಚಾದಂತೆ ತೋರಿಸುವ ಮಾದರಿ ಚಿತ್ರಗಳೇ ಹೆಚ್ಚು. ಆದ್ದರಿಂದ `logo` ಎಂದ ಕೂಡಲೇ ಅರ್ಥವಿಲ್ಲದ ಅಕ್ಷರಗಳೂ ಗೋಡೆಯ ನೆರಳೂ ಹಿಂಬಾಲಿಸುತ್ತವೆ. `app icon` ಎಂದರೆ ದುಂಡು ಮೂಲೆಯ ಚೌಕ ಮತ್ತು ಹೊಳಪು ಬರುತ್ತದೆ. `sticker` ಎಂದರೆ ಸುತ್ತ ಬಿಳಿ ಅಂಚು, `paper cut` ಎಂದರೆ ಪದರಪದರ ನೆರಳು. ಗಟ್ಟಿ ಒಂದೇ ಬಣ್ಣದ ಆಕಾರ ಬೇಕಿದ್ದರೆ `pictogram`, `silhouette`, `stencil`, `linocut` ಎಂಬ ಪದಗಳು ಹೆಚ್ಚು ನಂಬಿಕಸ್ತ ಎಂಬುದು ಈ ಲೇಖಕನ ಅಭಿಪ್ರಾಯ. ಕಾರಣ ಸರಳ, ಆ ಕಲೆಗಳಲ್ಲಿ ನೆರಳಿಗೆ ಜಾಗವೇ ಇಲ್ಲ. ರಂಧ್ರ ಕೊರೆದ ತಗಡಿನಲ್ಲಿ ಬಣ್ಣ ಒಂದೋ ಹಾಯುತ್ತದೆ, ಇಲ್ಲವೋ ಇಲ್ಲ.

ಬೇಡದ್ದನ್ನು ಹೇಳುವ ಕ್ರಮವೂ ಮುಖ್ಯ. ಕ್ಲಿಪ್ ಓದುವ ಮಾಡೆಲ್‌ಗೆ `no shadow` ಎಂದರೆ ಅದರ ಕಿವಿಗೆ ದೊಡ್ಡದಾಗಿ ಬೀಳುವುದು ನೆರಳು ಎಂಬ ಪದವೇ. ಇದಕ್ಕಾಗಿ ಪ್ರತ್ಯೇಕ ನೆಗೆಟಿವ್ ಪ್ರಾಂಪ್ಟ್ ಖಾನೆ ಇದೆ. ಅಲ್ಲಿ ಬರೆದದ್ದರಿಂದ ಪ್ರತಿ ಹಂತದಲ್ಲೂ ಚಿತ್ರವನ್ನು ದೂರ ತಳ್ಳುವ ಲೆಕ್ಕ ನಡೆಯುತ್ತದೆ. ಮಿಡ್‌ಜರ್ನಿಯಲ್ಲಿ ಇದೇ ಕೆಲಸಕ್ಕೆ `--no` ಇದೆ. ಕೆಲವು ಹೊಸ ಮಾಡೆಲ್‌ಗಳಲ್ಲಿ ಈ ಖಾನೆಯಿಲ್ಲ. ಅವುಗಳಲ್ಲಿ ಬೇಡದ್ದನ್ನು ಹೆಸರಿಸದೆ ಬೇಕಾದದ್ದನ್ನು ಹೇಳುವುದು ಒಳ್ಳೆಯದು. ನೆರಳಿಲ್ಲ ಎನ್ನುವ ಬದಲು ಸಮನಾದ ಒಂದೇ ಬಣ್ಣ ಎನ್ನಬೇಕು.

ಬಣ್ಣದ ಸಂಕೇತಗಳಲ್ಲಿ ವಿಶ್ವಾಸ ಬೇಡ. `#1F3A5F` ಎಂದು ಬರೆದರೆ ಅದು ಚೂರುಚೂರಾಗಿ ಒಡೆದು ಒಳಹೋಗುತ್ತದೆ, ಸುಮಾರಾಗಿ ಅದೇ ಬಣ್ಣ ಬಂದರೆ ಅದೃಷ್ಟ. ಕಡುನೀಲಿ ಎಂದು ಮಾತಿನಲ್ಲಿ ಹೇಳಿ, ಸರಿಯಾದ ಸಂಕೇತವನ್ನು ಕೊನೆಗೆ ಫೈಲಿನಲ್ಲಿ ತಿದ್ದಿಕೊಳ್ಳುವುದು ಲೇಸು. ಪಾರದರ್ಶಕ ಹಿನ್ನೆಲೆಯ ಕಥೆ ಇನ್ನೂ ತಮಾಷೆಯದು. ಆ ಸೌಲಭ್ಯವಿಲ್ಲದ ಮಾಡೆಲ್‌ಗೆ `transparent background` ಎಂದರೆ, ಚಿತ್ರ ತಿದ್ದುವ ತಂತ್ರಾಂಶಗಳು ಪಾರದರ್ಶಕತೆ ಸೂಚಿಸಲು ತೋರಿಸುವ ಬೂದು ಬಿಳಿ ಚೌಕಗಳನ್ನೇ ಅದು ಶ್ರದ್ಧೆಯಿಂದ ಬಿಡಿಸಿಕೊಡುತ್ತದೆ.

ಪ್ರಾಂಪ್ಟ್ ಪಾಲನೆಯ ಬಿಗಿಯನ್ನು ನಿಯಂತ್ರಿಸುವ ಸಂಖ್ಯೆಯೊಂದು ಸ್ಟೇಬಲ್ ಡಿಫ್ಯೂಷನ್ ಬಳಸುವವರಿಗೆ ಪರಿಚಿತ: ಸಿಎಫ್‌ಜಿ. ಸಾಮಾನ್ಯವಾಗಿ ಏಳರ ಆಸುಪಾಸು ಇಡುತ್ತಾರೆ. ಎಣಿಕೆ ಸರಿಯಾಗಲಿ ಎಂದು ಅದನ್ನು ಹದಿನೈದು, ಇಪ್ಪತ್ತಕ್ಕೆ ಏರಿಸಿದರೆ ಹಲ್ಲುಗಳೇನೂ ಎಂಟಾಗುವುದಿಲ್ಲ, ಬಣ್ಣ ಸುಟ್ಟಂತಾಗುತ್ತದೆ, ಅಂಚಿಗೆ ಇನ್ನೊಂದು ಅಂಚು ಹುಟ್ಟುತ್ತದೆ.

ಎಂಟು ಹಲ್ಲಿನ ಚಕ್ರ: ಒಂದು ಉದಾಹರಣೆ

ಸೈಕಲ್ ದುರಸ್ತಿ ಅಂಗಡಿಯೊಂದಕ್ಕೆ ಗಿಯರಿನ ಗುರುತು ಬೇಕು ಎಂದಿಟ್ಟುಕೊಳ್ಳೋಣ. ಎಂಟು ಹಲ್ಲು, ನಡುವೆ ರಂಧ್ರ, ಒಂದೇ ಬಣ್ಣ. ಮೇಲಿನ ಮಾತುಗಳನ್ನೆಲ್ಲ ಸೇರಿಸಿದರೆ ಪ್ರಾಂಪ್ಟ್ ಹೀಗಾಗುತ್ತದೆ:

```
pictogram of a gear with eight teeth, one solid navy shape,
round hole in the middle, front view, centered,
plain white background, stencil style
```

ನೆಗೆಟಿವ್ ಖಾನೆಗೆ:

```
gradient, shadow, bevel, 3d, texture, mockup, letters, frame
```

ಇದರಿಂದ ಶೈಲಿ ಬಹುತೇಕ ಸರಿಯಾಗಿ ಬರುತ್ತದೆ. ಹಲ್ಲುಗಳು ಏಳೋ ಒಂಬತ್ತೋ ಹತ್ತೋ ಇರಬಹುದು, ಎಂಟೂ ಇರಬಹುದು. ಆರಂಭದ ಗದ್ದಲವನ್ನು ನಿರ್ಧರಿಸುವ ಸೀಡ್ ಸಂಖ್ಯೆ ಬದಲಿಸುತ್ತ ಒಂದಷ್ಟು ಚಿತ್ರ ತೆಗೆದು, ಹಲ್ಲೆಣಿಸಿ ಆರಿಸುವುದು ಎಲ್ಲರೂ ಮಾಡುವ ಉಪಾಯ. ಆದರೆ ಎಣಿಕೆ ಸರಿಯಿದ್ದ ಮಾತ್ರಕ್ಕೆ ಆಕಾರ ಸರಿಯೆಂದಲ್ಲ. ಚಿತ್ರದ ಒಂದು ಪ್ರತಿಯನ್ನು 45 ಡಿಗ್ರಿ ತಿರುಗಿಸಿ, ಅರೆಪಾರದರ್ಶಕವಾಗಿಸಿ ಮೂಲದ ಮೇಲಿಡಬೇಕು. ನಿಜವಾದ ಎಂಟು ಹಲ್ಲಿನ ಚಕ್ರ ತನ್ನ ಮೇಲೆ ತಾನೇ ಕೂಡುತ್ತದೆ. ಮಾಡೆಲ್ ಕೊಟ್ಟದ್ದರಲ್ಲಿ ಒಂದು ಹಲ್ಲು ಇಣುಕುತ್ತದೆ, ಇನ್ನೊಂದರ ಪಕ್ಕ ಸಂದು ಕಾಣುತ್ತದೆ, ನಡುವಿನ ರಂಧ್ರ ಕೇಂದ್ರದಿಂದ ತುಸು ಸರಿದಿರುತ್ತದೆ. ಬಣ್ಣದ ಪರೀಕ್ಷೆಗೆ ಇಮೇಜ್‌ಮ್ಯಾಜಿಕ್ ಎಂಬ ಉಚಿತ ತಂತ್ರಾಂಶದ ಈ ಆದೇಶ ಸಾಕು:

```
magick gear.png -format "%k\n" info:
```

ಚಿತ್ರದಲ್ಲಿರುವ ಬೇರೆಬೇರೆ ಬಣ್ಣಗಳ ಸಂಖ್ಯೆಯನ್ನು ಇದು ಹೇಳುತ್ತದೆ. ಎರಡು ಬಣ್ಣದ ನಿಜವಾದ ವೆಕ್ಟರಿನಿಂದ ತೆಗೆದ ಪಿಎನ್‌ಜಿಯಲ್ಲೂ ಎರಡಕ್ಕಿಂತ ಹೆಚ್ಚು ಬರುತ್ತದೆ, ಏಕೆಂದರೆ ಅಂಚನ್ನು ನುಣುಪಾಗಿಸಲು ನಡುವಣ ಛಾಯೆಗಳು ಬೇಕು. ಅದು ದೋಷವಲ್ಲ. ಆ ಛಾಯೆಗಳೆಲ್ಲ ಅಂಚಿನಲ್ಲೇ ಇರುತ್ತವೆ. ಸಂಖ್ಯೆ ಸಾವಿರಗಳಲ್ಲಿದ್ದು, ಹಿಗ್ಗಿಸಿ ನೋಡಿದಾಗ ಹಲ್ಲಿನ ಹೊಟ್ಟೆಯಲ್ಲೂ ಹಿನ್ನೆಲೆಯಲ್ಲೂ ಛಾಯೆಗಳು ಹರಡಿದ್ದರೆ ಮೇಲ್ನೋಟಕ್ಕಷ್ಟೇ ಅದು ಫ್ಲಾಟ್.

ಮುಂದಿನ ಹಂತ ಟ್ರೇಸಿಂಗ್, ಎಂದರೆ ಪಿಕ್ಸೆಲ್ ಅಂಚುಗಳ ಮೇಲೆ ವಕ್ರರೇಖೆ ಹಾಯಿಸಿ ವೆಕ್ಟರ್ ಮಾಡುವುದು. ಪೀಟರ್ ಸೆಲಿಂಜರ್ ರೂಪಿಸಿದ ಪೋಟ್ರೇಸ್ ಇದಕ್ಕೆ ಹೆಸರಾದದ್ದು, ಇಂಕ್‌ಸ್ಕೇಪಿನ ಒಳಗೂ ಅದೇ ಇದೆ. ಅದು ಕಪ್ಪು ಬಿಳುಪನ್ನು ಮಾತ್ರ ಓದುವುದರಿಂದ ಮೊದಲು ಚಿತ್ರವನ್ನು ಎರಡೇ ಬಣ್ಣಕ್ಕೆ ಇಳಿಸಬೇಕು:

```
magick gear.png -colorspace Gray -threshold 50% gear.pbm
potrace gear.pbm -s -a 0.6 -t 20 -o gear.svg
```

ಇಲ್ಲಿ `-t` ಸಣ್ಣ ಕಲೆಗಳನ್ನು ಗುಡಿಸಿಹಾಕುತ್ತದೆ. `-a` ಮೂಲೆಗಳ ಚೂಪನ್ನು ನಿಯಂತ್ರಿಸುತ್ತದೆ. ಅದರ ಮಾಮೂಲು ಬೆಲೆ 1, ಇಳಿಸಿದಷ್ಟೂ ಮೂಲೆಗಳು ಚೂಪಾಗಿ ಉಳಿಯುತ್ತವೆ, ಆದರೆ ವೃತ್ತದ ಭಾಗಗಳೂ ಮುರುಕಾಗತೊಡಗುತ್ತವೆ. ಯಾವ ಬೆಲೆ ಇಟ್ಟರೂ ಪೋಟ್ರೇಸ್‌ಗೆ ತಾನು ಸುತ್ತುತ್ತಿರುವುದು ವೃತ್ತ ಎಂದು ಗೊತ್ತಿಲ್ಲ. ಮಾಡೆಲ್ ಮಾಡಿದ ಅಂಕುಡೊಂಕನ್ನೇ ಅದು ನಿಷ್ಠೆಯಿಂದ ವಕ್ರರೇಖೆಗಳಾಗಿಸುತ್ತದೆ. ಹೀಗೆ ಬಂದ ಎಸ್‌ವಿಜಿ ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ, ತಪ್ಪು ಮಾತ್ರ ಅಷ್ಟೇ ಚೊಕ್ಕವಾಗಿ ದೊಡ್ಡದಾಗುತ್ತದೆ. ಸ್ಟಿಕ್ಕರ್ ಕಟಿಂಗ್ ಯಂತ್ರಕ್ಕೆ ಕೊಟ್ಟರೆ ಅನಗತ್ಯ ನೋಡ್‌ಗಳು ಇರುವಲ್ಲೆಲ್ಲ ಅಂಚು ಒರಟಾಗುತ್ತದೆ.

ಆದ್ದರಿಂದ ಬಲ್ಲವರು ಟ್ರೇಸಿಂಗನ್ನು ಅಲ್ಲಿಗೇ ಬಿಟ್ಟು, ಮಾಡೆಲ್ ಕೊಟ್ಟ ಚಿತ್ರವನ್ನು ಅಡಿಯಲ್ಲಿ ಮಸುಕಾಗಿ ಇಟ್ಟುಕೊಂಡು ಆಕಾರವನ್ನು ಹೊಸದಾಗಿ ಕಟ್ಟುತ್ತಾರೆ. ಚಿತ್ರದಿಂದ ಅವರು ತೆಗೆದುಕೊಳ್ಳುವುದು ಅನುಪಾತವನ್ನು: ಹಲ್ಲು ಎಷ್ಟು ದಪ್ಪ, ರಂಧ್ರ ಎಷ್ಟು ದೊಡ್ಡದು, ಮೂಲೆ ಎಷ್ಟು ದುಂಡು. ಗೂಗಲಿನ ಮೆಟೀರಿಯಲ್ ಐಕಾನ್‌ಗಳಂತೆ 24×24ರ ಜಾಲ ಹಾಕಿ, ಸುತ್ತ ಎರಡು ಮಾನ ಖಾಲಿ ಬಿಟ್ಟರೆ ಕೆಲಸಕ್ಕೆ ಇಪ್ಪತ್ತು ಮಾನ ಉಳಿಯುತ್ತದೆ. ಎಂಟು ಹಲ್ಲಿಗೆ ಎಂಟು ಚೌಕ ಬೇಕಿಲ್ಲ. ಕೇಂದ್ರವನ್ನು ಹಾದುಹೋಗುವ ನಾಲ್ಕು ಪಟ್ಟಿಗಳು ಸಾಕು, ಒಂದೊಂದು ಪಟ್ಟಿಯ ಎರಡು ತುದಿಗಳೂ ಹಲ್ಲಾಗುತ್ತವೆ:

```
<svg xmlns="http://www.w3.org/2000/svg" viewBox="0 0 24 24">
  <defs>
    <rect id="h" x="10.5" y="2" width="3" height="20" rx="1"/>
  </defs>
  <g fill="#1F3A5F">
    <circle cx="12" cy="12" r="7.5"/>
    <use href="#h"/>
    <use href="#h" transform="rotate(45 12 12)"/>
    <use href="#h" transform="rotate(90 12 12)"/>
    <use href="#h" transform="rotate(135 12 12)"/>
  </g>
  <circle cx="12" cy="12" r="3" fill="#FFFFFF"/>
</svg>
```

ಇದರಲ್ಲಿ ಸಮಾನತೆಯನ್ನು ಪರೀಕ್ಷಿಸುವ ಪ್ರಶ್ನೆಯೇ ಬರುವುದಿಲ್ಲ, ಒಂದೇ ಪಟ್ಟಿ ನಾಲ್ಕು ಕೋನಗಳಲ್ಲಿ ನಿಂತಿದೆ. ಎರಡು ಎಚ್ಚರಿಕೆಗಳು ಮಾತ್ರ ಇವೆ. ನಡುವಿನದು ನಿಜವಾದ ರಂಧ್ರವಲ್ಲ, ಬಿಳಿ ಬಿಲ್ಲೆ. ಹಳದಿ ಬೋರ್ಡಿನ ಮೇಲೆ ಇಟ್ಟರೆ ಬಿಳಿಯಾಗಿಯೇ ಕಾಣುತ್ತದೆ, ಕಟಿಂಗ್ ಯಂತ್ರವಂತೂ ಅದನ್ನು ಬೇರೆ ತುಂಡೆಂದೇ ತಿಳಿಯುತ್ತದೆ. ಅಂತಿಮ ಫೈಲಿನಲ್ಲಿ ಇಂಕ್‌ಸ್ಕೇಪಿನ `Union` ಆದೇಶದಿಂದ ಪಟ್ಟಿಗಳನ್ನೂ ವೃತ್ತವನ್ನೂ ಒಂದಾಗಿಸಿ, `Difference` ಆದೇಶದಿಂದ ರಂಧ್ರ ಕೊರೆಯಬೇಕು. ಎರಡನೆಯದು ಸಣ್ಣ ಅಳತೆಯ ಸ್ಪಷ್ಟತೆ. 16 ಪಿಕ್ಸೆಲ್‌ಗೆ ಇಳಿಸಿದರೆ ನೆಟ್ಟಗಿನ ಪಟ್ಟಿಯ ಅಂಚುಗಳು 7 ಮತ್ತು 9ರಲ್ಲಿ, ಸರಿಯಾಗಿ ಪಿಕ್ಸೆಲ್ ಗೆರೆಯ ಮೇಲೆ ಬೀಳುತ್ತವೆ. 24 ಪಿಕ್ಸೆಲ್‌ಗೆ ಇಟ್ಟರೆ 10.5 ಮತ್ತು 13.5, ಅರ್ಧ ಪಿಕ್ಸೆಲಿನಲ್ಲಿ ಬಿದ್ದು ಮಸುಕಾಗುತ್ತವೆ. ಆ ಅಳತೆಗೆ ಪಟ್ಟಿಯ ಅಗಲವನ್ನು ನಾಲ್ಕು ಮಾಡಿ ಇನ್ನೊಂದು ಪ್ರತಿ ಇಡುವುದು ರೂಢಿ. ಇಂಥ ಲೆಕ್ಕ ಯಾವ ಪ್ರಾಂಪ್ಟಿಗೂ ನಿಲುಕುವುದಲ್ಲ.

ಕೈಯಲ್ಲಿ ಕಟ್ಟಿದ ಇದೇ ಆಕಾರವನ್ನು ಮರಳಿ ಮಾಡೆಲ್‌ಗೆ ಕೊಡುವ ದಾರಿಯೂ ಒಂದಿದೆ. 2023ರಲ್ಲಿ ಬಂದ ಕಂಟ್ರೋಲ್‌ನೆಟ್, ಕೊಟ್ಟ ರೇಖಾಚಿತ್ರದ ಅಂಚುಗಳನ್ನು ಅನುಸರಿಸುವಂತೆ ಡಿಫ್ಯೂಷನ್ ಮಾಡೆಲನ್ನು ಬಂಧಿಸುತ್ತದೆ. ಹಲ್ಲುಗಳು ಆಗ ಎಂಟೇ ಬರುತ್ತವೆ. ಚಕ್ರದ ಸುತ್ತ ಅಲಂಕಾರ, ಬೇರೆಬೇರೆ ಬಣ್ಣಗಳ ಮಾದರಿ ನೋಡಲು ಇದು ಅನುಕೂಲ. ಆದರೆ ಫಲಿತಾಂಶ ಮತ್ತೆ ಪಿಕ್ಸೆಲ್ಲೇ.

ಕನ್ನಡ ಅಕ್ಷರಗಳ ಪಾಡು

ಲೋಗೊದಲ್ಲಿ ಅಂಗಡಿಯ ಹೆಸರೂ ಇರಬೇಕೆಂದರೆ ತೊಡಕು ಇಮ್ಮಡಿಯಾಗುತ್ತದೆ. ಮೊದಲ ಸ್ಟೇಬಲ್ ಡಿಫ್ಯೂಷನ್ ಮಾಡೆಲ್‌ಗಳ ತರಬೇತಿ ಮುಖ್ಯವಾಗಿ ಇಂಗ್ಲಿಷ್ ಅಡಿಬರಹಗಳಿರುವ ಚಿತ್ರಸಂಗ್ರಹದ ಮೇಲೆ ನಡೆಯಿತು. ಕ್ಲಿಪ್ ಒಮ್ಮೆಗೆ ಓದುವುದು 77 ತುಣುಕುಗಳನ್ನು ಮಾತ್ರ. ‘ಸೈಕಲ್’ ಎಂಬ ಪುಟ್ಟ ಪದವೇ ಯೂನಿಕೋಡಿನಲ್ಲಿ ಐದು ಸಂಕೇತ, ಹದಿನೈದು ಬೈಟು. ಕನ್ನಡ ಪದಗಳನ್ನು ಅರಿಯದ ಓದುಗ ಅದನ್ನು ಅರ್ಥವಿಲ್ಲದ ಬೈಟುಗಳಾಗಿ ಒಡೆದು ಕೈಚೆಲ್ಲುತ್ತದೆ. ಹೊಸ ಮಾಡೆಲ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳು ಬಹಳ ಸುಧಾರಿಸಿವೆ. ಕನ್ನಡದಲ್ಲಿ ಒತ್ತಕ್ಷರ ಮೂಲಾಕ್ಷರದ ಕೆಳಗೆ ಎಲ್ಲಿ ಕೂರಬೇಕು, ದೀರ್ಘದ ಕೊಂಬು ಎಲ್ಲಿಗೆ ಮುಗಿಯಬೇಕು ಎಂಬುದನ್ನು ಫಾಂಟಿನೊಳಗಿನ ನಿಯಮಗಳು ನಿರ್ಧರಿಸುತ್ತವೆ. ಪಿಕ್ಸೆಲ್ ಬಿಡಿಸುವ ಮಾಡೆಲ್ ಆ ನಿಯಮಗಳನ್ನು ನೋಡಿಯೇ ಇಲ್ಲ, ಅಕ್ಷರದ ಮುಖಚಹರೆ ಮಾತ್ರ ನೋಡಿದೆ. ಹಾಗಾಗಿ ದೂರಕ್ಕೆ ಕನ್ನಡದಂತೆ ಕಂಡು, ಓದಲು ಹೋದರೆ ಯಾವ ಅಕ್ಷರವೂ ಅಲ್ಲದ ಸುರುಳಿಗಳು ಬರುತ್ತವೆ.

ಪರಿಹಾರ ಕಷ್ಟದ್ದೇನಲ್ಲ. ಮಾಡೆಲ್‌ನಿಂದ ಗುರುತನ್ನು ಮಾತ್ರ ಪಡೆದು, ಹೆಸರನ್ನು ನೋಟೊ ಸಾನ್ಸ್ ಕನ್ನಡ ಅಥವಾ ಬಲೂ ತಮ್ಮದಂಥ ಯೂನಿಕೋಡ್ ಫಾಂಟಿನಲ್ಲಿ ಟೈಪ್ ಮಾಡಿ, ಇಂಕ್‌ಸ್ಕೇಪಿನ `Object to Path` ಮೂಲಕ ಆಕಾರವಾಗಿಸಿದರೆ ಮುದ್ರಣದಂಗಡಿಯಲ್ಲಿ ಆ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ. ಹಳೆಯ ನುಡಿ ಆಸ್ಕಿ ಫಾಂಟುಗಳಲ್ಲಿ ಕೆಲಸ ಮಾಡುವ ಅಂಗಡಿಗಳಿಗೆ ಫೈಲ್ ಕೊಡುವವರಿಗಂತೂ ಇದು ಅತ್ಯಗತ್ಯ.

ನೇರವಾಗಿ ವೆಕ್ಟರ್ ಕೊಡುವ ಪ್ರಯತ್ನಗಳು

ಪಿಕ್ಸೆಲ್ಲಿನ ಹಂಗೇ ಬೇಡವೆಂದು ಹೊರಟ ದಾರಿಗಳು ಎರಡು. 2020ರಲ್ಲಿ ಪ್ರಕಟವಾದ ಡಿಫ್‌ವಿಜಿ, ವಕ್ರರೇಖೆಯ ಬಿಂದುಗಳನ್ನು ತುಸು ಸರಿಸಿದರೆ ಪಿಕ್ಸೆಲ್ ಚಿತ್ರ ಎಷ್ಟು ಬದಲಾಗುತ್ತದೆ ಎಂದು ಲೆಕ್ಕ ಹಾಕುವ ಉಪಾಯ ಕೊಟ್ಟಿತು. ಅದನ್ನು ಡಿಫ್ಯೂಷನ್ ಮಾಡೆಲ್‌ಗೆ ಜೋಡಿಸಿ 2022ರ ಕೊನೆಗೆ ಬಂದ ವೆಕ್ಟರ್‌ಫ್ಯೂಷನ್, ಪ್ರಾಂಪ್ಟಿಗೆ ಚಿತ್ರ ಹೊಂದುವವರೆಗೆ ರೇಖೆಗಳನ್ನು ತಳ್ಳಾಡುತ್ತದೆ. ಫೈಲ್ ನಿಜವಾದ ಎಸ್‌ವಿಜಿಯೇ, ಆದರೆ ಒಂದರ ಮೇಲೊಂದು ಹೇರಿದ ಅಡ್ಡಾದಿಡ್ಡಿ ತೇಪೆಗಳಿಂದ ತುಂಬಿರುತ್ತದೆ, ತಿದ್ದಲು ಕೂತರೆ ತಲೆ ಕೆಡುತ್ತದೆ. ಅಡೋಬಿ 2023ರ ಅಕ್ಟೋಬರಿನಲ್ಲಿ ಇಲ್ಲಸ್ಟ್ರೇಟರಿಗೆ ಮಾತಿನಿಂದ ವೆಕ್ಟರ್ ಮಾಡುವ ಸೌಲಭ್ಯ ಸೇರಿಸಿತು. ರಿಕ್ರಾಫ್ಟ್ ಎಂಬ ಸೇವೆಯೂ ಎಸ್‌ವಿಜಿ ಕೊಡುತ್ತದೆ. ಇವುಗಳ ಫಲಿತಾಂಶ ಮೊದಲಿನ ಸಂಶೋಧನಾ ಮಾದರಿಗಳಿಗಿಂತ ಎಷ್ಟೋ ಚೊಕ್ಕ. ಆದರೂ ವೃತ್ತ ವೃತ್ತವೆಂಬ ಆದೇಶವಾಗಿ ಉಳಿಯದೆ ಬಿಡಿ ವಕ್ರರೇಖೆಗಳಾಗಿ ಬಂದರೆ ಮೇಲಿನ ತಿರುಗಿಸುವ ಪರೀಕ್ಷೆ ಇಲ್ಲೂ ಬೇಕು.

ಎರಡನೆಯ ದಾರಿ ಭಾಷಾ ಮಾಡೆಲ್‌ಗಳಿಂದ ಎಸ್‌ವಿಜಿ ಕೋಡನ್ನೇ ಬರೆಸುವುದು. ಅಲ್ಲಿ `rotate(45 12 12)` ಎಂದು ಬರೆದರೆ ಅದು ನಿಖರವಾಗಿ 45 ಡಿಗ್ರಿಯೇ, ಹಲ್ಲುಗಳು ತಪ್ಪುವುದಿಲ್ಲ. ತಪ್ಪುವುದು ಜೋಡಣೆ. ತಾನು ಬರೆದದ್ದನ್ನು ಕಣ್ಣಿಟ್ಟು ನೋಡದೆ ಬರೆಯುವುದರಿಂದ ಸೈಕಲ್ಲಿನ ಚೌಕಟ್ಟು ಚಕ್ರಕ್ಕೆ ತಾಗದೆ ಗಾಳಿಯಲ್ಲಿ ನಿಲ್ಲುತ್ತದೆ. ಬ್ರಿಟನ್ನಿನ ಪ್ರೋಗ್ರಾಮರ್ ಸೈಮನ್ ವಿಲಿಸನ್ 2024ರಿಂದ ಹೊಸ ಮಾಡೆಲ್ ಬಂದಾಗಲೆಲ್ಲ ಸೈಕಲ್ ತುಳಿಯುವ ಪೆಲಿಕನ್ ಹಕ್ಕಿಯನ್ನು ಎಸ್‌ವಿಜಿಯಲ್ಲಿ ಬರೆಸಿ ಹೋಲಿಸುತ್ತ ಬಂದಿರುವುದು ಈ ದೌರ್ಬಲ್ಯಕ್ಕೆ ಹಿಡಿದ ಕನ್ನಡಿ. ಗಿಯರು, ನಕ್ಷತ್ರ, ಬಾಣ, ಬೀಗದಂಥ ಜ್ಯಾಮಿತಿಯ ಆಕಾರಗಳಿಗೆ ಈ ದಾರಿ ಡಿಫ್ಯೂಷನ್‌ಗಿಂತ ಖಂಡಿತ ಮೇಲು. ಹಕ್ಕಿ, ಕುದುರೆ, ಕೈಬೆರಳುಗಳಿಗೆ ಡಿಫ್ಯೂಷನ್ ಚಿತ್ರವೇ ಮೇಲು.

ಹಕ್ಕು ಮತ್ತು ನೋಂದಣಿ

ಮನುಷ್ಯನ ಸೃಜನ ಇಲ್ಲದೆ ಯಂತ್ರವೇ ಮಾಡಿದ ಭಾಗಕ್ಕೆ ಕೃತಿಸ್ವಾಮ್ಯ ನೋಂದಣಿ ಸಲ್ಲದು ಎಂಬುದು ಅಮೆರಿಕದ ಕಾಪಿರೈಟ್ ಕಚೇರಿ 2023ರ ಮಾರ್ಚಿನಲ್ಲಿ ಹೊರಡಿಸಿದ ಮಾರ್ಗಸೂಚಿಯ ನಿಲುವು. ಟ್ರೇಡ್‌ಮಾರ್ಕ್‌ನ ಪ್ರಶ್ನೆ ಬೇರೆ. ಭಾರತದ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಮುಖ್ಯವಾಗಿ ನೋಡುವುದು ಗುರುತು ಬೇರೆಯವರ ಸರಕಿನಿಂದ ನಿಮ್ಮದನ್ನು ಬೇರ್ಪಡಿಸುತ್ತದೆಯೇ, ಈಗಾಗಲೇ ಇರುವುದನ್ನು ಹೋಲುತ್ತದೆಯೇ ಎಂಬುದನ್ನು. ಅಸಂಖ್ಯ ಲೋಗೊಗಳನ್ನು ನೋಡಿ ಕಲಿತ ಮಾಡೆಲ್ ಎಲ್ಲರೂ ಬಳಸುವ ರೂಪದತ್ತಲೇ ವಾಲುವುದರಿಂದ ಈ ಹೋಲಿಕೆಯ ಅಪಾಯ ಸಣ್ಣದಲ್ಲ. ಬೋರ್ಡು ಬರೆಸುವ ಮುನ್ನ ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ಸಾರ್ವಜನಿಕ ಹುಡುಕಾಟದಲ್ಲಿ ಒಮ್ಮೆ ನೋಡಿಕೊಳ್ಳಿ. ಸೈಕಲ್ ದುರಸ್ತಿಯಂಥ ಸೇವೆಗಳು ಅಲ್ಲಿ 37ನೆಯ ವರ್ಗದಲ್ಲಿ ಬರುತ್ತವೆ.